ಚಿತ್ರದ ಹಿಂದೆ ಉಳಿದ ಎಂಟು ಹತ್ತು

ತಾನು ಬರೆದದ್ದನ್ನು ಇನ್ನೊಬ್ಬರ ಫೋನು ಗಟ್ಟಿಯಾಗಿ ಓದುವುದನ್ನು ರಾಜೇಂದ್ರ ಮೊದಲ ಸಲ ಕೇಳಿದ್ದು ಒಂದು ಗುರುವಾರ, ಹೊಸನಗರ ಬಸ್ ನಿಲ್ದಾಣದ ಪಕ್ಕದ ತನ್ನ ಡಿಟಿಪಿ ಅಂಗಡಿಯಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ.

"ಪೊಲೀಸ್ ಕಾರ್ ಲೈಟ್, ಪೊಲೀಸ್ ಕಾರ್ ಲೈಟ್, ಪೊಲೀಸ್ ಕಾರ್ ಲೈಟ್," ಎಂದಿತು ಫೋನು. "ಬಸ್, ಬಸ್, ಕೊಲಿಷನ್, ಕೊಲಿಷನ್. ಪ್ರಯಾಣಿಕರ ಗಮನಕ್ಕೆ. ಕೊಲಿಷನ್, ಕೊಲಿಷನ್, ಬಸ್, ಬಸ್."

ಫೋನು ಹಿಡಿದಿದ್ದವಳು ಸ್ವಾತಿ. ಇಪ್ಪತ್ಮೂರು ವರ್ಷ, ಹುಟ್ಟಿನಿಂದ ಕಣ್ಣು ಕಾಣದು. ಅಂಕಪಟ್ಟಿಗಳ ಜೆರಾಕ್ಸ್ ಮಾಡಿಸಲು ತಾಯಿ ಹುಲಿಯಮ್ಮನ ಜೊತೆ ಬಂದಿದ್ದಳು. ಪ್ರತಿಗಳನ್ನು ಎಣಿಸಿ ಕವರಿಗೆ ಹಾಕಿಕೊಂಡ ಮೇಲೆ, "ಹೊಸನಗರ ಬಸ್ ಬಳಗ ಅನ್ನೋ ಫೇಸ್‌ಬುಕ್ ಪೇಜು ನಡ್ಸೋರು ನೀವೇ ಅಲ್ವಾ ಸರ್?" ಎಂದು ಕೇಳಿದ್ದಳು. ಹೌದು ಎಂದಾಗ ರಾಜೇಂದ್ರನ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ಹದಿನಾಲ್ಕು ಸಾವಿರ ಜನ ನೋಡುವ ಪೇಜು ಅದು. ಈ ಊರಿಗೆ ರೈಲಿಲ್ಲ; ಬಸ್ಸು ತಪ್ಪಿದರೆ ದಿನವೇ ತಪ್ಪಿದಂತೆ.

"ಕೊಲಿಷನ್ ಅಂತ ನಾನೆಲ್ಲಿ ಬರ್ದೆ?" ಎಂದ ರಾಜೇಂದ್ರ.

"ಕಿಡಿ ಹಾರೋ ಥರದ ಚಿತ್ರ ಹಾಕಿದೀರಂತೆ. ಅದರ ಹೆಸರೇ ಅದು, ಡಿಕ್ಕಿ. ನಾ ಮೊದ್ಲ ಸಲ ಕೇಳಿದಾಗ ಬಸ್ಸು ಎಲ್ಲೋ ಗುದ್ದಿದೆ, ಪೊಲೀಸರೂ ಬಂದಿದಾರೆ ಅಂದ್ಕೊಂಡೆ."

"ಅಯ್ಯೋ, ಅದು ಅಂದಕ್ಕೆ ಹಾಕಿದ್ದು."

"ಅಂದ ಮುಗಿಯೋಕೆ ನಲವತ್ತು ಸೆಕೆಂಡ್ ಬೇಕು ಸರ್. ಕೇಳಿ."

ರಾಜೇಂದ್ರ ಕೇಳಿದ. ಸಾಲು ನಕ್ಷತ್ರಗಳು ಬಂದವು. ಕೈ ಜೋಡಿಸಿದ ಚಿತ್ರಗಳು ಬಂದವು. "ಬ್ಯಾಕ್‌ಹ್ಯಾಂಡ್ ಇಂಡೆಕ್ಸ್ ಪಾಯಿಂಟಿಂಗ್ ಡೌನ್" ಎಂದು ಐದು ಸಲ ಬಂತು. ಅದು ಕೆಳಗಿನ ಚಿತ್ರವನ್ನು ನೋಡಿ ಎಂದು ತೋರಿಸಲು ಅವನು ಹಾಕಿದ್ದ ಬೆರಳು. ಆ ಕೆಳಗಿನ ಚಿತ್ರದಲ್ಲೇ ಬಸ್ಸಿನ ವೇಳೆ, ಊರು, ನಿಲ್ಲುವ ಜಾಗ ಎಲ್ಲವೂ ಇದ್ದದ್ದು. ಅಲ್ಲಿಗೆ ಬಂದಾಗ ಫೋನು ಹೇಳಿದ್ದು ಇಷ್ಟೆ: "ಆರು ಜನರು ಮತ್ತು ಪಠ್ಯ ಇರುವ ಚಿತ್ರ ಇರಬಹುದು." ಕೊನೆಗೆ ಇಂಗ್ಲಿಷಿನ ಒಂದು ಹ್ಯಾಷ್‌ಟ್ಯಾಗು. ಎಲ್ಲ ಸಣ್ಣಕ್ಷರದಲ್ಲಿ ಒಂದಕ್ಕೊಂದು ಅಂಟಿಸಿ ಬರೆದದ್ದು. ಫೋನು ಅದನ್ನು ಯಾವುದೋ ಔಷಧಿಯ ಹೆಸರಿನಂತೆ ಉಚ್ಚರಿಸಿ ಸುಮ್ಮನಾಯಿತು.

"ವೇಳೆ ಎಲ್ಲಿ?" ಎಂದ ರಾಜೇಂದ್ರ, ತನ್ನದೇ ಪೋಸ್ಟಿನ ಬಗ್ಗೆ.

"ಅದನ್ನೇ ಕೇಳಕ್ಕೆ ಬಂದಿದ್ದು," ಎಂದಳು ಸ್ವಾತಿ.

ಹುಲಿಯಮ್ಮ ಬಾಗಿಲ ಬಳಿ ನಿಂತಿದ್ದಳು. "ಅವಳಿಗೆ ಬಸ್ಸಿನ ಹುಚ್ಚು ಹಿಡ್ದದೆ ಕಣಪ್ಪ. ಸೋಮಾರದಿಂದ ಸಾಗರಕ್ಕೆ ಹೋಗ್ತಾಳಂತೆ, ಒಬ್ಳೇ. ನೀನಾದ್ರೂ ಹೇಳು."

ವಿಷಯ ಹೀಗಿತ್ತು. ಸಾಗರದ ಒಂದು ಸಹಕಾರ ಸಂಘದ ಕಚೇರಿಯಲ್ಲಿ ಫೋನಿಗೆ ಉತ್ತರಿಸುವ ಕೆಲಸ ಸ್ವಾತಿಗೆ ಸಿಕ್ಕಿತ್ತು. ಸೋಮವಾರ ಹತ್ತೂವರೆಯೊಳಗೆ ಹಾಜರಾಗಬೇಕು, ಆಮೇಲೆ ದಿನವೂ ಹೋಗಿ ಬರಬೇಕು. ಅಣ್ಣ ಪ್ರದೀಪ ಜೊತೆಗೆ ಹೋಗಲಿ ಎಂದು ತಾಯಿ ಹೇಳುತ್ತಿದ್ದಳು. ಪ್ರದೀಪನಿಗೆ ಗ್ಯಾರೇಜಿನ ಕೆಲಸವಿತ್ತು. ಅವನು ಹೆಚ್ಚೆಂದರೆ ಒಂದು ವಾರ ಹೋಗಿಬಂದಾನು. ಆಮೇಲೆ ನೌಕರಿಯೂ ನಿಂತಂತೆಯೇ. ಕಡೆಗೆ ತಾಯಿ ಮಗಳು ಒಂದು ಒಪ್ಪಂದಕ್ಕೆ ಬಂದಿದ್ದರು. ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿ ಹತ್ತಬೇಕು ಎಂಬುದನ್ನು ಸ್ವಾತಿ ತಾನೇ ತಿಳಿದುಕೊಂಡು ಸೋಮವಾರ ಒಬ್ಬಳೇ ಹೋದರೆ, ಹುಲಿಯಮ್ಮ ಮುಂದೆ ತಕರಾರು ತೆಗೆಯುವಂತಿಲ್ಲ. ಮನೆಯವರಿಂದಾಗಲಿ ನೆರೆಯವರಿಂದಾಗಲಿ ಒಂದು ಸಾಲು ಓದಿಸಿಕೊಂಡರೂ ಪ್ರದೀಪ ಜೊತೆಗೆ ಹೊರಡುತ್ತಾನೆ.

"ಅದಕ್ಕೇನಂತೆ, ಬಸ್ಸಿನ ಟೈಮು ಬದ್ಲಾದ್ರೆ ನಾನೇ ಫೋನ್ ಮಾಡಿ ಹೇಳ್ತೀನಿ," ಎಂದ ರಾಜೇಂದ್ರ.

"ದಿನಾ ಮಾಡ್ತೀರಾ?"

ರಾಜೇಂದ್ರ ಜೆರಾಕ್ಸ್ ಯಂತ್ರದ ಮುಚ್ಚಳ ಮುಚ್ಚಿದ.

"ನಂಗೊಬ್ಬಳಿಗೆ ಬೇರೆ ಮಾಡ್ಬೇಡಿ ಸರ್. ಎಲ್ರಿಗೂ ಹಾಕ್ತೀರಲ್ಲ, ಅದನ್ನೇ ನಂಗೂ ಕೇಳೋ ಹಂಗೆ ಹಾಕಿ. ಚಿತ್ರ ಹಾಕುವಾಗ ಆಲ್ಟ್ ಟೆಕ್ಸ್ಟ್ ಅಂತ ಒಂದು ಜಾಗ ಇರುತ್ತೆ. ಅಲ್ಲಿ ಬರೆದದ್ದು ಕಣ್ಣಿರೋರಿಗೆ ಕಾಣಲ್ಲ, ನಮ್ಮ ಫೋನು ಓದುತ್ತೆ."

ಇಪ್ಪತ್ತೆರಡು ವರ್ಷದಿಂದ ಲಗ್ನಪತ್ರಿಕೆ, ಫ್ಲೆಕ್ಸು, ಕರಪತ್ರ ಮಾಡುತ್ತಿದ್ದ ರಾಜೇಂದ್ರನಿಗೆ ಕಾಣದ ಜಾಗದಲ್ಲಿ ಬರೆಯುವ ವಿಚಾರ ಹೊಸದು. ಅವರಿಬ್ಬರೂ ಹೋದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ತನ್ನ ಫೋನಿನ ಸೆಟ್ಟಿಂಗ್ಸ್ ತೆರೆದು, ಆಕ್ಸೆಸಿಬಿಲಿಟಿಯೊಳಗೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಎಂಬುದನ್ನು ಹುಡುಕಿ ಚಾಲೂ ಮಾಡಿದ್ದು.

ಅಲ್ಲಿಂದ ಕಾಲು ಗಂಟೆ ಫೋನು ಅವನ ಮಾತು ಕೇಳಲಿಲ್ಲ. ಮುಟ್ಟಿದರೆ ಹೆಸರು ಹೇಳುತ್ತಿತ್ತು, ತೆರೆಯುತ್ತಿರಲಿಲ್ಲ. ಸರಿಸಿದರೆ ಪುಟ ಜರುಗುವ ಬದಲು ಮುಂದಿನದರ ಹೆಸರು ಹೇಳುತ್ತಿತ್ತು. ಅಷ್ಟರಲ್ಲಿ ಹಾರ್ಡ್‌ವೇರ್ ಅಂಗಡಿಯ ಸೀತಾರಾಮಪ್ಪ ಕರೆ ಮಾಡಿದರು. ಬಸ್ ಬಳಗದ ಹಿರಿಯ ಪೋಷಕರು ಅವರು. ರಾಜೇಂದ್ರ ಎಷ್ಟು ಒತ್ತಿದರೂ ಕರೆ ಎತ್ತಲಾಗಲಿಲ್ಲ. ಫೋನು "ಸೀತಾರಾಮಣ್ಣ ಹಾರ್ಡ್‌ವೇರ್" ಎಂದು ಮತ್ತೆ ಮತ್ತೆ ಹೇಳಿ, ರಿಂಗಾಗಿ, ತಣ್ಣಗಾಯಿತು. ಸ್ವಾತಿ ಬಿಟ್ಟುಹೋಗಿದ್ದ ನಂಬರಿಗೆ ಅಂಗಡಿಯ ಇನ್ನೊಂದು ಫೋನಿನಿಂದ ಕರೆ ಮಾಡಿದ. ಅವಳು ನಗು ತಡೆದುಕೊಂಡೇ ಹೇಳಿಕೊಟ್ಟಳು: ಒಂದು ಸಲ ಮುಟ್ಟಿದರೆ ಕೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಪುಟ ಸರಿಸಲು ಎರಡು ಬೆರಳು. ಸಾಕಾದರೆ ದನಿಯ ಎರಡು ಗುಂಡಿಗಳನ್ನೂ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು.

"ಎಲ್ಲರ ಫೋನೂ ಹಿಂಗೇ ಓದುತ್ತಾ?"

"ಇಲ್ಲ ಸರ್. ಕೆಲವು ಮೂರು ಪೊಲೀಸ್ ಲೈಟನ್ನ ಒಟ್ಟು ಮಾಡಿ ಒಂದೇ ಸಲ ಹೇಳ್ತವೆ. ಕೆಲವು ಬಿಟ್ಟೇ ಬಿಡ್ತವೆ. ನೀವು ಇಂಗ್ಲಿಷಿನ ದಪ್ಪ ಅಕ್ಷರ ಎಲ್ಲಿಂದಲೋ ಕಾಪಿ ಮಾಡಿ ಹಾಕ್ತೀರಲ್ಲ, ಅದನ್ನಂತೂ ನನ್ ಫೋನು ಓದೋದೇ ಇಲ್ಲ. ನನ್ನ ಗೆಳತಿ ಒಬ್ಳು ತೀರ್ಥಹಳ್ಳೀಲಿದಾಳೆ, ಅವಳ ಕಂಪ್ಯೂಟರು ಗಣಿತದ ಚಿಹ್ನೆ ಅಂತ ಓದುತ್ತಂತೆ."

ಶುಕ್ರವಾರ ಅಂಗಡಿಯಲ್ಲಿ ಕೆಲಸ ಕಡಿಮೆ ಇತ್ತು. ರಾಜೇಂದ್ರ ಹಿಂದಿನ ವಾರದ ಒಂದು ಪೋಸ್ಟನ್ನು ಅಭ್ಯಾಸಕ್ಕೆಂದು ಹೊಸದಾಗಿ ಬರೆಯಲು ಕುಳಿತ. ಪೊಲೀಸ್ ದೀಪಗಳನ್ನು ಅಳಿಸಿದ. ಕಿಡಿಗಳನ್ನು ಅಳಿಸಿದ. ಬೆರಳುಗಳನ್ನು ಅಳಿಸುವಾಗ ಕೈ ಸ್ವಲ್ಪ ತಡೆಯಿತು. ಒಂದೇ ಒಂದು ಬಸ್ಸಿನ ಚಿಹ್ನೆಯನ್ನು ಕೊನೆಯಲ್ಲಿ ಉಳಿಸಿಕೊಂಡ. ಹ್ಯಾಷ್‌ಟ್ಯಾಗು ಏಳಿದ್ದದ್ದು ಎರಡಾಯಿತು. ಇಂಗ್ಲಿಷಿನದರಲ್ಲಿ ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡದು ಮಾಡಿದ. ಆಗ ಫೋನಿಗೆ ಪದಗಳು ಬೇರೆ ಬೇರೆ ಎಂದು ತಿಳಿಯುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವಲ್ಲ, ಏನು ಮಾಡುವುದು? ಸ್ವಾತಿಯನ್ನೇ ಕೇಳಿದ. "ಕನ್ನಡ ಕೂಡಿಸಿ ಬರೆದ್ರೂ ಓದುತ್ತೆ, ಆದ್ರೆ ಉಸಿರು ಬಿಡ್ದೆ ಓದುತ್ತೆ. ನಡುವೆ ಕೆಳಗೀಟು ಹಾಕಿ. ಕೆಲವು ಫೋನು ಅಂಡರ್‌ಸ್ಕೋರ್ ಅಂತ ಬಾಯಿಬಿಟ್ಟು ಹೇಳುತ್ತೆ, ಪರವಾಗಿಲ್ಲ," ಎಂದು ವಾಯ್ಸ್ ಮೆಸೇಜ್ ಬಂತು. #ಹೊಸನಗರ_ಸಾಗರ_ಬಸ್ ಎಂದು ಬರೆದು, ತನ್ನ ಫೋನಿನಿಂದ ಓದಿಸಿದ. ಮೂರು ಪದವೂ ಸ್ಪಷ್ಟವಾಗಿ ಬಂದವು.

ಉಳಿದದ್ದು ಆಲ್ಟ್ ಟೆಕ್ಸ್ಟಿನ ಜಾಗದಲ್ಲಿ ಬರೆಯಬೇಕಾದ ಚಿತ್ರದ ವಿವರಣೆ. ಮೊದಲು ನುಡಿ ಫಾಂಟಿನಲ್ಲಿದ್ದ ತನ್ನ ಫೈಲಿನಿಂದಲೇ ಮಾತುಗಳನ್ನು ಎತ್ತಿ ಅಂಟಿಸಿದ. ಹಳೆಯ ನುಡಿಯ ಅಕ್ಷರಗಳು ಆ ಜಾಗದಲ್ಲಿ ಯಾವ ದೇಶದ್ದೋ ಲಿಪಿಯಾಗಿ ಬಿದ್ದವು. ಅದನ್ನು ಅಳಿಸಿ ಯೂನಿಕೋಡಿನಲ್ಲಿ ಮತ್ತೆ ಬೆರಳಚ್ಚಿಸಿದ. ಇದು ಕಣ್ಣಿಗೆ ಕಾಣುವ ತಪ್ಪು, ಹಾಗಾಗಿ ಸುಲಭದ್ದು.

ಏನು ಬರೆಯಬೇಕು ಎಂಬುದು ಅಷ್ಟು ಸುಲಭವಿರಲಿಲ್ಲ. ಚಿತ್ರವನ್ನು ಮಾಡಿದವನು ತಾನು, ಅದರಲ್ಲಿರುವುದೆಲ್ಲ ಗೊತ್ತು. ಪ್ರೀತಿಯಿಂದಲೇ ಬರೆದ. ತಿಳಿಹಳದಿ ಹಿನ್ನೆಲೆ. ನಡುವೆ ನೆರಳಿನಂತೆ ಕೆಳದಿ ದೇವಸ್ಥಾನದ ಗಂಡಭೇರುಂಡ. ಅಂಚಿಗೆ ಕಡುಗೆಂಪು ಬಳ್ಳಿ. ಮೇಲೆ ಎಡದಿಂದ ಬಲಕ್ಕೆ ಪೋಷಕರ ಫೋಟೊಗಳು. ಆರೂ ಜನರ ಹೆಸರನ್ನು ಹಿರಿತನದ ಪ್ರಕಾರವೇ ಬರೆದ. ಫ್ಲೆಕ್ಸಿನಲ್ಲಿ ಯಾರ ಮುಖ ಎಲ್ಲಿ ಬರಬೇಕೆಂಬುದರಲ್ಲಿ ಅವನು ಇದುವರೆಗೆ ಒಮ್ಮೆಯೂ ತಪ್ಪಿರಲಿಲ್ಲ. ಕೆಳಗೆ ಬಿಳಿ ಅಕ್ಷರದಲ್ಲಿ ಬಸ್ಸಿನ ವೇಳೆ. ಸೇವ್ ಮಾಡಿ ಸ್ವಾತಿಗೆ ತಿಳಿಸಿದ.

ಹತ್ತು ನಿಮಿಷದಲ್ಲಿ ಅವಳೇ ಕರೆ ಮಾಡಿದಳು.

"ಚೆನ್ನಾಗಿದೆ ಸರ್. ಗಂಡಭೇರುಂಡ ಇದೆ ಅಂತ ಗೊತ್ತಾಯ್ತು. ಬಳ್ಳಿ ಕಡುಗೆಂಪು ಅಂತ ಗೊತ್ತಾಯ್ತು. ಬಸ್ಸಿನ ವೇಳೆ ಬಿಳಿ ಅಕ್ಷರದಲ್ಲಿದೆ ಅಂತನೂ ಗೊತ್ತಾಯ್ತು."

"ಮತ್ತೆ?"

"ಎಷ್ಟು ಗಂಟೆ ಅಂತ ಬರ್ದಿಲ್ಲ."

ರಾಜೇಂದ್ರ ಪರದೆ ನೋಡಿದ. ಬರೆದಿರಲಿಲ್ಲ.

"ನಿಮ್ಮ ಕೈಲೊಂದು ನೋಟೀಸಿದೆ, ಅರ್ಜೆಂಟಲ್ಲಿರೋರು ಯಾರೋ ಫೋನ್ ಮಾಡಿ ಅದ್ರಲ್ಲಿ ಎಂತ ಇದೆ ಅಂತ ಕೇಳ್ತಾರೆ ಅಂದ್ಕೊಳಿ. ಬಳ್ಳಿ ಬಣ್ಣ ಹೇಳ್ತೀರಾ? ಹಂಗೆ ಬರೀರಿ. ಇನ್ನೊಂದು. ಎಂಟು ಚುಕ್ಕೆ ಹತ್ತು ಅಂತ ಬರೆದ್ರೆ ನನ್ ಫೋನು ಎಂಟು ಪಾಯಿಂಟ್ ಒಂದು ಸೊನ್ನೆ ಅನ್ನುತ್ತೆ, ತೂಕದ ಲೆಕ್ಕದ ಹಂಗೆ. ಗಂಟೆ, ನಿಮಿಷ ಅಂತ ಬಿಡಿಸಿ ಬರೆದ್ಬಿಡಿ. ಆಮೇಲೆ ಮುಖ್ಯ ವಿಷಯ ಎಲ್ಲಾ ಮೇಲಿನ ಬರಹದಲ್ಲೂ ಇರ್ಲಿ. ಚಿತ್ರ ತೆರೆದುಕೊಳ್ದೆ ಇರೋರಿಗೂ ಆಗುತ್ತೆ."

ಅಂದು ಸಂಜೆ ಸೀತಾರಾಮಪ್ಪ ಅಂಗಡಿಗೆ ಬಂದರು. ತಮ್ಮ ಕರೆ ಎತ್ತದ ಬಗ್ಗೆ ವಿಚಾರಿಸಿ, ಹೊಸ ಪೋಸ್ಟ್ ನೋಡಿ ಮುಖ ಗಂಟಿಕ್ಕಿದರು.

"ಎಂತ ಮಾರಾಯ ಇದು, ತಿಥಿ ಕಾರ್ಡಿನ ಹಂಗದೆ. ಒಂದು ದೀಪ ಇಲ್ಲ, ಹೂವಿಲ್ಲ."

"ಕಣ್ಣು ಮುಚ್ಕೊಳಿ ಸೀತಾರಾಮಣ್ಣ."

"ಎಂತಕ್ಕೆ?"

"ಸುಮ್ನೆ ಮುಚ್ಕೊಳಿ. ಹಳೇದನ್ನ ಕೇಳ್ಸ್ತೀನಿ."

ಸೀತಾರಾಮಪ್ಪ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕುಳಿತರು. ಪೊಲೀಸ್ ದೀಪಗಳಿಗೆ ಸಣ್ಣಗೆ ನಕ್ಕರು. ಬೆರಳುಗಳ ಹೊತ್ತಿಗೆ ಕಾಲು ಕುಣಿಸಲು ಶುರುಮಾಡಿದ್ದರು. "ಆರು ಜನರು ಮತ್ತು ಪಠ್ಯ ಇರುವ ಚಿತ್ರ ಇರಬಹುದು" ಎಂದಾಗ ಕಣ್ಣು ಬಿಟ್ಟರು.

"ಆರು ಜನರು?"

"ಹೌದು."

"ನಾನೂ ಆರರಲ್ಲಿ ಒಬ್ನಾ?"

"ಫೋನಿಗೇನು ಗೊತ್ತು? ನೀವು ಅಧ್ಯಕ್ಷರಾದ್ರೂ ಅಷ್ಟೆ, ಯಾರಾದ್ರೂ ಅಷ್ಟೆ. ಅದೂ ಇರಬಹುದು ಅಂತದೆ, ಖಾತ್ರಿ ಇಲ್ಲ."

ಸೀತಾರಾಮಪ್ಪ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಅಲ್ಲಿ ಹೆಸರು ಬರೀಬೋದಾ?"

"ಬರೀಬೋದು. ಆದ್ರೆ ಬಸ್ಸಿನ ವಿಷಯ ಮೊದ್ಲು, ನಿಮ್ಮ ಹೆಸರು ಕೊನೇಲಿ."

"ಕೊನೇಲಿ ಅಂದ್ರೆ ಆರನೇದಾ?"

"ಕೊನೇ ಸಾಲಿನಲ್ಲಿ ಮೊದಲನೇದು."

"ಹಂಗಾದ್ರೆ ಆಗ್ಲಿ," ಎಂದು ಸೀತಾರಾಮಪ್ಪ ಎದ್ದರು. ಬಾಗಿಲ ಬಳಿ ತಿರುಗಿ, "ಒಂದು ಹೂವಾದ್ರೂ ಹಾಕು," ಎಂದರು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಬಸ್ ಏಜೆಂಟ್ ದೀಪಕನ ಕರೆ ಬಂತು. ಬಟ್ಟೆಮಲ್ಲಪ್ಪದ ಕಡೆ ರಸ್ತೆಯಲ್ಲಿ ಮೋರಿ ಕೆಲಸ ಶುರುವಾಗುತ್ತಿತ್ತು. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಬೆಳಗಿನ ಬಸ್ಸು ಸೋಮವಾರದಿಂದ ರಿಪ್ಪನ್‌ಪೇಟೆ, ಆನಂದಪುರ ಸುತ್ತಿ ಹೋಗುತ್ತದೆ. ಎಂಟೂ ಇಪ್ಪತ್ತೈದರ ಬದಲು ಎಂಟು ಹತ್ತಕ್ಕೆ ಬರುತ್ತದೆ. ಹೊತ್ತು ಉಳಿಸಲು ನಿಲ್ದಾಣದೊಳಗೆ ಬರುವುದಿಲ್ಲ, ಶಿವಮೊಗ್ಗ ರಸ್ತೆಯ ಪೆಟ್ರೋಲ್ ಬಂಕಿನ ಎದುರು ಹತ್ತಬೇಕು. ಇದು ತಪ್ಪಿದರೆ ಮುಂದಿನ ಬಸ್ಸು ಸಾಗರ ಮುಟ್ಟುವುದು ಹನ್ನೊಂದೂವರೆಗೆ.

ಇದು ಸ್ವಾತಿಯ ಬಸ್ಸು ಎಂದು ರಾಜೇಂದ್ರನಿಗೆ ತಕ್ಷಣ ಹೊಳೆಯಿತು. ಅವಳಿಗೆ ಕರೆ ಮಾಡಲು ಕೈ ಹೋಯಿತು; "ದಿನಾ ಮಾಡ್ತೀರಾ" ಎಂದದ್ದು ನೆನಪಾಗಿ ಕೈ ಹಿಂದಕ್ಕೆ ಬಂತು. ಅದರ ಬದಲು ಮೈಯೆಲ್ಲ ಕಣ್ಣಾಗಿ ಪೋಸ್ಟ್ ಬರೆದ. ಬರಹದಲ್ಲಿ ವೇಳೆ, ಜಾಗ, ಮಾರ್ಗ. ಚಿತ್ರದಲ್ಲೂ ಅದೇ. ವಿವರಣೆಯನ್ನು ಮೊದಲು ನೋಟ್‌ಪ್ಯಾಡಿನಲ್ಲಿ ಬರೆದಿಟ್ಟುಕೊಂಡು, ಫೋನಿನಿಂದ ಓದಿಸಿ ಕೇಳಿ, ಆಮೇಲೆ ಆ ಜಾಗಕ್ಕೆ ಅಂಟಿಸಿದ: "ಬಸ್ ವೇಳೆ ಬದಲಾವಣೆಯ ಪ್ರಕಟಣೆ. ಸೋಮವಾರದಿಂದ ತೀರ್ಥಹಳ್ಳಿ, ಹೊಸನಗರ, ಸಾಗರ ಬಸ್ಸು ಹೊಸನಗರಕ್ಕೆ ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಬರುತ್ತದೆ. ನಿಲ್ದಾಣದೊಳಗೆ ಬರುವುದಿಲ್ಲ. ಶಿವಮೊಗ್ಗ ರಸ್ತೆಯ ಪೆಟ್ರೋಲ್ ಬಂಕ್ ಎದುರು ಹತ್ತಬೇಕು. ರಿಪ್ಪನ್‌ಪೇಟೆ, ಆನಂದಪುರ ಮಾರ್ಗ. ಕೆಳಗೆ ಪೇಜಿನ ಪೋಷಕರ ಫೋಟೊಗಳು: ಸೀತಾರಾಮಪ್ಪ ಮತ್ತು ಇತರ ಐವರು." ನಾಲ್ಕಕ್ಕೆ ಪೋಸ್ಟ್ ಹೋಯಿತು. ಸೀತಾರಾಮಪ್ಪನವರ ಹೂವು ಒಂದೇ ಒಂದು, ಬರಹದ ಕಟ್ಟಕಡೆಗೆ ಇತ್ತು.

ಐದೂವರೆಗೆ ದೀಪಕ್ ಮತ್ತೆ ಕರೆ ಮಾಡಿದ. "ರಾಜಣ್ಣ, ಹತ್ತಲ್ಲ ಮಾರಾಯ್ರೆ. ತೀರ್ಥಹಳ್ಳಿಯಿಂದನೇ ಇಪ್ಪತ್ತು ನಿಮಿಷ ಮುಂಚೆ ಬಿಡ್ತಾರಂತೆ. ಏಳೂ ಐವತ್ತು ಅಂತ ಮಾಡಿ."

ರಾಜೇಂದ್ರ ಆ ಹೊತ್ತಿಗೆ ನಗರ ಎಂಬ ಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊರಡುವ ಅವಸರದಲ್ಲಿದ್ದ. ಆದರೂ ಕೂತು ಕೆಲಸ ಮುಗಿಸಿದ. ಬರಹದಲ್ಲಿ ವೇಳೆ ತಿದ್ದಿದ. ಹಳೆಯ ಚಿತ್ರ ತೆಗೆದು, ಏಳೂ ಐವತ್ತು ಎಂದಿದ್ದ ಹೊಸ ಚಿತ್ರ ಹಾಕಿದ. ಚಿತ್ರ ಬದಲಾದರೆ ವಿವರಣೆಯನ್ನೂ ಹೊಸದಾಗಿ ಕೊಡಬೇಕೆಂಬುದನ್ನು ಮರೆಯಲಿಲ್ಲ. ನೋಟ್‌ಪ್ಯಾಡಿನಲ್ಲಿದ್ದದ್ದನ್ನು ಕಾಪಿ ಮಾಡಿ ಅಂಟಿಸಿದ. ಆಮೇಲೆ ಲಗ್ನಪತ್ರಿಕೆಯ ಪ್ರೂಫ್ ನೋಡುವಂತೆ ಇಡೀ ಪೋಸ್ಟನ್ನು ಎರಡು ಸಲ, ಒಂದು ಸಲ ಮೇಲಿನಿಂದ, ಒಂದು ಸಲ ಕೆಳಗಿನಿಂದ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಅವನ ಅಂಗಡಿಯಿಂದ ತಪ್ಪು ತಾರೀಕಿನ ಪತ್ರಿಕೆ ಹೋದದ್ದು ಒಂದೇ ಒಂದು ಸಲ. ಎಲ್ಲ ಸರಿಯಿತ್ತು. ಸ್ಕೂಟರ್ ಹತ್ತಿದ. ನಗರದ ಆ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ; ರಾತ್ರಿ ತಡವಾಗಿ ಮನೆಗೆ ಬಂದವನು ಫೋನು ನೋಡದೆ ಮಲಗಿದ.

ಸೋಮವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಕಾಫಿ ಲೋಟ ಹಿಡಿದು ಫೋನು ತೆರೆದಾಗ, ಪೋಸ್ಟಿನ ಕೆಳಗೆ ಸ್ವಾತಿಯ ಪ್ರಶ್ನೆ ಇತ್ತು. ಹಿಂದಿನ ಸಂಜೆ ಏಳಕ್ಕೆ ಕೇಳಿದ್ದು.

"ಬರಹದಲ್ಲಿ 7 ಗಂಟೆ 50, ಚಿತ್ರದಲ್ಲಿ 8 ಗಂಟೆ 10. ಯಾವುದು ಸರಿ?"

ಅದರ ಕೆಳಗೆ ಜನ ಸೇರಿದ್ದರು. "ಚಿತ್ರದಲ್ಲೂ 7.50 ಅಂತಲೇ ಇದೆಯಲ್ಲ ಅಕ್ಕ" ಎಂದು ಒಬ್ಬ. "8.10 ಎಲ್ಲಿದೆ? ನಾಲ್ಕು ಸಲ ನೋಡಿದೆ" ಎಂದು ಇನ್ನೊಬ್ಬಳು. "ಕನ್ನಡಕ ಬದಲಾಯಿಸಿ ಮೇಡಂ" ಎಂದು ಮೂರನೆಯವನು. ಅದಕ್ಕೆ ಹನ್ನೆರಡು ಜನ ನಕ್ಕಿದ್ದರು. ಅವನಿಗೆ ಸ್ವಾತಿ ಉತ್ತರ ಕೊಟ್ಟಿದ್ದಳು: "ಕನ್ನಡಕ ಇಲ್ಲ. ನಾನು ಚಿತ್ರ ನೋಡುವುದಿಲ್ಲ, ಕೇಳುತ್ತೇನೆ. ಕೇಳಿದರೆ 8 ಗಂಟೆ 10 ಅನ್ನುತ್ತದೆ." ಆಮೇಲೆ ಯಾರೂ ಏನೂ ಬರೆದಿರಲಿಲ್ಲ.

ರಾಜೇಂದ್ರ ಚಿತ್ರ ತೆರೆದು ನೋಡಿದ. ಏಳೂ ಐವತ್ತು. ದೊಡ್ಡದು ಮಾಡಿ ನೋಡಿದ. ಏಳೂ ಐವತ್ತೇ. ಹದಿನಾಲ್ಕು ಸಾವಿರ ಜನರಲ್ಲಿ ಒಬ್ಬಳಿಗೆ ಮಾತ್ರ ಬೇರೆ ವೇಳೆ ಹೇಗೆ ಸಿಕ್ಕಿತು ಎಂದು ಒಂದು ಗಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. ನಂತರ ಟಾಕ್‌ಬ್ಯಾಕ್ ಹಾಕಿ ಚಿತ್ರದ ಮೇಲೆ ಬೆರಳಿಟ್ಟ.

"ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಬರುತ್ತದೆ," ಎಂದಿತು ಫೋನು.

ನೋಟ್‌ಪ್ಯಾಡಿನಲ್ಲಿದ್ದದ್ದು ಮಧ್ಯಾಹ್ನ ಮೂರರ ಸುದ್ದಿ. ಅದನ್ನು ತಿದ್ದದೆಯೇ ಅಂಟಿಸಿದ್ದ. ಎರಡು ಸಲ ಪ್ರೂಫ್ ನೋಡಿದ್ದ, ಎರಡು ಸಲವೂ ಕಣ್ಣಿನಿಂದ. ಕಣ್ಣಿಗೆ ಕಾಣದ ಜಾಗದಲ್ಲಿ ಎಂಟು ಹತ್ತು ಹಾಗೆಯೇ ಕುಳಿತಿತ್ತು. ಕಣ್ಣಿದ್ದವರು ಯಾರೂ ಅದನ್ನು ಹಿಡಿಯಲು ಸಾಧ್ಯವಿರಲಿಲ್ಲ.

ಕಾಫಿ ಆರಿತು. ಫೋಟೊದ ಮೂಲೆಯ ಮೂರು ಚುಕ್ಕೆ ಒತ್ತಿ, ವಿವರಣೆ ತಿದ್ದಿ, ಈ ಸಲ ಓದಿಸಿ ಕೇಳಿದ. ಏಳು ಗಂಟೆ ಐವತ್ತು ನಿಮಿಷ. ಸ್ವಾತಿಯ ಪ್ರಶ್ನೆಯ ಕೆಳಗೆ ಬರೆದ: "7 ಗಂಟೆ 50 ನಿಮಿಷ ಸರಿ. ಚಿತ್ರದ ವಿವರಣೆಯಲ್ಲಿ ತಪ್ಪಿತ್ತು, ತಪ್ಪು ನನ್ನದು. ಬೇರೆ ಯಾರಿಗೂ ಕಾಣದ್ದನ್ನು ಇವರು ಹಿಡಿದರು." ಆಗ ಗಂಟೆ ಏಳು. ಎರಡು ನಿಮಿಷ ಕಾದ. ಅವಳಿಂದ ಉತ್ತರವಿಲ್ಲ. ಕರೆ ಮಾಡಿದರೆ ಒಪ್ಪಂದಕ್ಕೆ ಧಕ್ಕೆ. ಚಿತ್ರವನ್ನು ನಂಬಿ ಎಂಟಕ್ಕೆ ಮನೆ ಬಿಡುವಳೋ, ಅಥವಾ ಯಾವುದು ಸರಿ ಎಂದು ಪ್ರದೀಪನನ್ನು ಕೇಳಿಬಿಟ್ಟಳೋ? ಎರಡರಲ್ಲಿ ಯಾವುದಾದರೂ ನೌಕರಿ ಹೋಯಿತು, ಅದೂ ತನ್ನ ಕೈಯಿಂದ. ಸ್ಕೂಟರ್ ತೆಗೆದ.

ಬಂಕಿನ ಎದುರು ಏಳೂ ಇಪ್ಪತ್ತಕ್ಕೆ ಮೂವರು ಹೆಂಗಸರು ನಿಂತಿದ್ದರು. ಅವರ ಪಕ್ಕ, ಬಿಳಿ ಕೋಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಒಂದು ಕಿವಿಗೆ ಮಾತ್ರ ಇಯರ್‌ಫೋನು ಹಾಕಿಕೊಂಡು ಸ್ವಾತಿ ನಿಂತಿದ್ದಳು. ರಾಜೇಂದ್ರ ರಸ್ತೆಯ ಈಚೆಗೇ ಸ್ಕೂಟರ್ ನಿಲ್ಲಿಸಿದ. ಮಾತಾಡಿಸಿದರೆ ಅದೂ ಸಹಾಯದ ಲೆಕ್ಕಕ್ಕೆ ಬಂದೀತು ಎಂದು ಸುಮ್ಮನಿದ್ದ. ಅಷ್ಟರಲ್ಲಿ ಮುಚ್ಚಿದ ಪಂಕ್ಚರ್ ಅಂಗಡಿಯ ಮರೆಯಿಂದ ಯಾರೋ ಕೆಮ್ಮಿ, "ಶ್" ಎಂದರು. ಹುಲಿಯಮ್ಮ.

"ನೀವಿಲ್ಲಿ ಎಂತ ಮಾಡ್ತಿದೀರಿ?" ಎಂದ ರಾಜೇಂದ್ರ, ದನಿ ತಗ್ಗಿಸಿ.

"ನೀನೆಂತ ಮಾಡ್ತೀಯೋ ಅದೇ."

"ಪ್ರದೀಪ?"

"ಮಲಗಿದಾನೆ. ಅವ್ಳು ಯಾರನ್ನೂ ಒಂದ್ಮಾತು ಕೇಳ್ಳಿಲ್ಲ ಕಣಪ್ಪ. ನಿನ್ನೆ ರಾತ್ರಿ ಊಟದ ಹೊತ್ತಲ್ಲಿ, ಅಮ್ಮ, ಬಸ್ಸಿನೋರು ಎರಡು ಟೈಮು ಕೊಟ್ಟಿದಾರೆ, ನಾನು ಮೊದಲನೇದಕ್ಕೆ ಹೋಗ್ತೀನಿ, ಎರಡನೇದಕ್ಕೆ ಬಂದ್ರೆ ಇಪ್ಪತ್ತು ನಿಮಿಷ ಕಾಯ್ತೀನಿ ಅಷ್ಟೆ ಅಂದ್ಲು." ಹುಲಿಯಮ್ಮ ಸೆರಗು ಸರಿಮಾಡಿಕೊಂಡಳು. "ಆ ರಂಗಮ್ಮ ನೋಡು, ನಮ್ಮ ಮನೆ ಮುಂದೆ ಹಾದು ಬಸ್‌ಸ್ಟ್ಯಾಂಡಿಗೆ ಹೊರಟಿದ್ಳು. ಇವಳೇ ಕರ್ದು, ಅಲ್ಲಿಗೆ ಬರಲ್ಲ ರಂಗಮ್ಮತ್ತೆ, ಬಂಕಿಗೆ ಬನ್ನಿ ಅಂದ್ಲು. ಕಣ್ಣಿರೋ ರಂಗಮ್ಮ ಇವಳ ಹಿಂದೆ ಬಂದ್ಳು."

ಬಸ್ಸು ಏಳೂ ಐವತ್ನಾಲ್ಕಕ್ಕೆ ಬಂತು. ರಾಜೇಂದ್ರ ಗಡಿಯಾರ ನೋಡುತ್ತಲೇ ಇದ್ದ. ಸ್ವಾತಿ ಕೋಲು ಬಿಚ್ಚಿ, ಮೆಟ್ಟಿಲು ಸಿಕ್ಕ ಮೇಲೆ ಕಂಡಕ್ಟರನ ದನಿಯ ಕಡೆ ಮುಖ ತಿರುಗಿಸಿ, "ರಿಪ್ಪನ್‌ಪೇಟೆ ಮೇಲೆ ಸಾಗರ ತಾನೆ?" ಎಂದು ಕೇಳಿದಳು. "ಹೌದಮ್ಮ, ಹತ್ತು," ಎಂದ ಅವನು. ಹತ್ತಿದಳು. ಬಾಗಿಲು ಮುಚ್ಚಿತು. ಹುಲಿಯಮ್ಮ ಪಂಕ್ಚರ್ ಅಂಗಡಿಯ ಮರೆಯಿಂದ ರಸ್ತೆಗೆ ಬಂದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

"ನಾಳೆಯಿಂದ ಪ್ರದೀಪನ ಮಾತೆತ್ತಲ್ಲ ನಾನು," ಎಂದಳು. "ಮಾತು ಕೊಟ್ಟಾಗಿದೆ."

ರಾಜೇಂದ್ರನ ಫೋನು ಸಣ್ಣಗೆ ಸದ್ದು ಮಾಡಿತು. ಪೋಸ್ಟಿನ ಕೆಳಗೆ ಸ್ವಾತಿಯ ಹೊಸ ಸಾಲುಗಳು.

"ಬಸ್ಸು 4 ನಿಮಿಷ ತಡ. ಚಿತ್ರದ ವಿವರಣೆ ಈಗ ಸರಿಯಾಗಿದೆ. ಒಂದು ಸೇರಿಸಿ: ಬಸ್ಸಿನ ಬಣ್ಣ. ನನಗಲ್ಲ, ಅಮ್ಮನಿಗೆ. ಅವರಿಗೆ ಬೋರ್ಡ್ ಓದಲು ಬರುವುದಿಲ್ಲ, ಬಣ್ಣ ನೋಡಿಯೇ ಬಸ್ಸು ಗುರುತಿಸುವುದು. ಪಂಕ್ಚರ್ ಅಂಗಡಿ ಹತ್ತಿರ ನಿಂತು ಕೆಮ್ಮುತ್ತಿದ್ದರು, ಪಕ್ಕದಲ್ಲಿ ನಿಮ್ಮ ದನಿಯೂ ಇತ್ತು, ಹೇಳಿಬಿಡಿ."

ರಾಜೇಂದ್ರ ಅದನ್ನು ಹುಲಿಯಮ್ಮನಿಗೆ ಓದಿ ಹೇಳಿದ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗುವೋ ಮತ್ತೊಂದೋ ತಿಳಿಯಲಿಲ್ಲ. ಅವನು ವಿವರಣೆಯ ಜಾಗ ತೆರೆದು, ಬಸ್ಸಿನ ಬಣ್ಣ ಎಂದು ಬರೆದು, ಅಲ್ಲಿಗೆ ನಿಂತ. ವರ್ಷಗಟ್ಟಲೆ ಈ ಬಸ್ಸಿನ ವೇಳೆ ಬರೆದಿದ್ದ. ಈಗಷ್ಟೇ ಅದು ಅವನ ಕಣ್ಣೆದುರೇ ಹೋಗಿತ್ತು. ಹಸಿರೋ, ನೀಲಿಯೋ?

"ಹುಲಿಯಮ್ಮ, ಆ ಬಸ್ಸು ಯಾವ ಬಣ್ಣ?"

ಹುಲಿಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಕೆಳಗೆ ಗಿಣಿಹಸಿರು, ಮೇಲೆ ಬಿಳಿ," ಎಂದಳು. "ಕಿಟಕಿ ಕೆಳಗೆ ಎರಡು ಕೆಂಪು ಪಟ್ಟೆ. ಹಿಂದಿನ ಬಾಗ್ಲು ಹತ್ರ ಒಂದು ಮೊಳದುದ್ದ ಗೀರದೆ. ಬರ್ಕೋ."